ಐನೂರು ರೂಪಾಯಿಯ ಸೀಗಲ್, ಐದೂವರೆ ಲಕ್ಷದ ಹೊಣೆ

2024ರ ಜೂನ್ 3, ಸೋಮವಾರ. ಲೋಕಸಭೆ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಶನಿವಾರ ಸಂಜೆಯೇ ಹೊರಬಿದ್ದಿದ್ದವು. ಆಡಳಿತಾರೂಢ ಮೈತ್ರಿಕೂಟಕ್ಕೆ ಭಾರಿ ಬಹುಮತ ಸಿಗುತ್ತದೆ ಎಂದು ಬಹುತೇಕ ಎಲ್ಲವೂ ಹೇಳಿದ್ದವು. ಷೇರುಪೇಟೆ ಅದನ್ನು ನಂಬಿತು. ನಿಫ್ಟಿ ಒಂದೇ ದಿನದಲ್ಲಿ ಶೇ 3ಕ್ಕೂ ಹೆಚ್ಚು ಜಿಗಿದು 23,263.90ರಲ್ಲಿ ನಿಂತಿತು. ಮತ ಎಣಿಕೆ ಮರುದಿನ.

ಆ ಸಂಜೆ ಒಬ್ಬ ಹೂಡಿಕೆದಾರರ ಲೆಕ್ಕಾಚಾರ ಹೀಗಿತ್ತೆಂದು ಇಟ್ಟುಕೊಳ್ಳೋಣ. ಜೂನ್ 27ರ ಮಾಸಿಕ ಎಕ್ಸ್‌ಪೈರಿ ಹೊತ್ತಿಗೆ ನಿಫ್ಟಿ 24,000ಕ್ಕೆ ಬರುತ್ತದೆ ಎಂಬುದು ಅವರ ನಂಬಿಕೆ. ಅದಕ್ಕಿಂತ ತೀರಾ ಮೇಲೆ ಹೋದೀತು ಎಂಬ ಆಸೆ ಅವರಿಗಿಲ್ಲ. ಬಿದ್ದರೂ 22,500ಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂದು ಧೈರ್ಯ. ಹೀಗೆ ದಿಕ್ಕೂ ಗೊತ್ತು, ದೂರವೂ ಗೊತ್ತು ಎನ್ನುವವರಿಗೆ ಆಪ್ಷನ್ ಪೇಟೆಯಲ್ಲಿ ಹೇಳಿ ಮಾಡಿಸಿದಂಥ ಒಂದು ಜೋಡಣೆ ಇದೆ. ಅದರ ಹೆಸರು ಸೀಗಲ್. ಲಾಭನಷ್ಟದ ಗೆರೆ ಎಳೆದರೆ ರೆಕ್ಕೆ ಚಾಚಿದ ಕಡಲಹಕ್ಕಿಯಂತೆ ಕಾಣುತ್ತದೆಂದು ಆ ಹೆಸರು. ವಿದೇಶಿ ವಿನಿಮಯದ ಡೆಸ್ಕುಗಳಲ್ಲಿ ಹಳೆಯದು, ನಮ್ಮ ಚಿಲ್ಲರೆ ವಹಿವಾಟುದಾರರ ನಡುವೆ ಈಚೆಗೆ ಓಡಾಡುತ್ತಿರುವುದು.

ಒಂದು ಕಾಲ್ ಕೊಳ್ಳುವುದು, ಅದಕ್ಕಿಂತ ಮೇಲಿನ ಸ್ಟ್ರೈಕ್‌ನ ಕಾಲ್ ಮಾರುವುದು, ಪೇಟೆಗಿಂತ ಕೆಳಗಿನ ಸ್ಟ್ರೈಕ್‌ನ ಒಂದು ಪುಟ್ ಮಾರುವುದು. ಮೂರಕ್ಕೂ ಒಂದೇ ಎಕ್ಸ್‌ಪೈರಿ, ಒಂದೇ ಪ್ರಮಾಣ. ಮೊದಲ ಎರಡು ಸೇರಿ ಕಾಲ್ ಸ್ಪ್ರೆಡ್ ಆಗುತ್ತದೆ. ಅದಕ್ಕೆ ತಗಲುವ ಹಣವನ್ನು ಮೂರನೆಯದರಿಂದ ಹೊಂದಿಸಿಕೊಳ್ಳುತ್ತಾರೆ. ಕೈಯಿಂದ ಹೋಗುವುದು ಬಹಳ ಕಡಿಮೆ, ಕೆಲವೊಮ್ಮೆ ಏನೂ ಇಲ್ಲ. 'ಜೀರೋ ಕಾಸ್ಟ್' ಎಂದು ಕರೆದು ಮಾರುವುದು ಇದನ್ನೇ.

ಈಗ ಅಂಕಿಗಳನ್ನು ಹಾಕಿ ನೋಡೋಣ. ಮುಂದೆ ಬರುವ ನಿಫ್ಟಿಯ ಮಟ್ಟಗಳು ನಿಜವಾದವು. ಆದರೆ ಪ್ರೀಮಿಯಂಗಳು ಆ ದಿನ ಪೇಟೆಯಲ್ಲಿ ನಡೆದ ದರಗಳಲ್ಲ. ಏರಿಳಿತ ಇಷ್ಟಿರಬಹುದೆಂದು ಅಂದಾಜಿಸಿಕೊಂಡು ಬ್ಲ್ಯಾಕ್-ಶೋಲ್ಸ್ ಸೂತ್ರದಲ್ಲಿ ನಾನು ಲೆಕ್ಕ ಹಾಕಿ ದುಂಡಾಗಿಸಿದವು. 23,500ರ ಕಾಲ್‌ಗೆ 340 ರೂಪಾಯಿ ಕೊಡಬೇಕು. 24,000ದ ಕಾಲ್ ಮಾರಿದರೆ 150 ಸಿಗುತ್ತದೆ. ಅಲ್ಲಿಗೆ ಸ್ಪ್ರೆಡ್‌ನ ಖರ್ಚು 190. 22,500ರ ಪುಟ್ ಮಾರಿದರೆ 170 ಬರುತ್ತದೆ. ಉಳಿದ ಖರ್ಚು 20 ರೂಪಾಯಿ ಮಾತ್ರ. ಆಗ ನಿಫ್ಟಿಯ ಒಂದು ಲಾಟ್ ಎಂದರೆ 25 ಘಟಕ. ಬರೀ ಕಾಲ್ ಕೊಂಡಿದ್ದರೆ 8,500 ರೂಪಾಯಿ, ಸ್ಪ್ರೆಡ್ ಆಗಿದ್ದರೆ 4,750 ರೂಪಾಯಿ ಬೇಕಾಗುತ್ತಿತ್ತು. ಸೀಗಲ್‌ಗೆ ಸಾಕಾದದ್ದು 500 ರೂಪಾಯಿ.

ಎಕ್ಸ್‌ಪೈರಿಯ ದಿನ ಏನಾಗುತ್ತದೆ ಎಂಬುದು ಸುಲಭದ ಲೆಕ್ಕ. ನಿಫ್ಟಿ 24,000 ಅಥವಾ ಅದಕ್ಕಿಂತ ಮೇಲಿದ್ದರೆ ಸ್ಪ್ರೆಡ್‌ನಿಂದ 500 ಪಾಯಿಂಟ್ ಬರುತ್ತದೆ. ಖರ್ಚಿನ 20 ಕಳೆದರೆ 480, ಅಂದರೆ ಲಾಟ್‌ಗೆ 12,000 ರೂಪಾಯಿ. ಅದರಾಚೆ ಪೇಟೆ ಎಷ್ಟೇ ಏರಿದರೂ ಒಂದು ಪೈಸೆ ಹೆಚ್ಚು ಸಿಗದು. 22,500 ಮತ್ತು 23,500ರ ನಡುವೆ ಎಲ್ಲಿ ನಿಂತರೂ ಹೋಗುವುದು ಆ 500 ರೂಪಾಯಿ. 22,500ಕ್ಕಿಂತ ಕೆಳಗೆ ಮಾತ್ರ ಪ್ರತಿ ಪಾಯಿಂಟ್‌ಗೂ 25 ರೂಪಾಯಿ ನಷ್ಟ, ಅದಕ್ಕೆ ತಡೆ ಎಂಬುದಿಲ್ಲ. ಐನೂರು ಹಾಕಿ ಹನ್ನೆರಡು ಸಾವಿರ ತೆಗೆಯುವ ಅವಕಾಶ ಎಂದು ಗೆಳೆಯರ ಗುಂಪಿನಲ್ಲಿ ಹೇಳಿಕೊಳ್ಳಲು ಇಷ್ಟು ಸಾಕು. ಆದರೆ ಆ 170 ರೂಪಾಯಿ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ.

ಪುಟ್ ಮಾರುವುದೆಂದರೆ ಮುಂಗಡ ಇಸಿದುಕೊಂಡು ಮಾತು ಕೊಡುವುದು. ಸುಗ್ಗಿಗೆ ಪೇಟೆಧಾರಣೆ ಎಷ್ಟೇ ಕುಸಿದಿರಲಿ, ನಿನ್ನ ಅಡಿಕೆಯನ್ನು ಈಗ ಹೇಳಿದ ರೇಟಿಗೇ ಎತ್ತಿಕೊಳ್ಳುತ್ತೇನೆ ಎಂದು ಬೆಳೆಗಾರನಿಗೆ ಮಾತು ಕೊಟ್ಟು, ಆ ಮಾತಿಗೆ ಅವನಿಂದಲೇ ಒಂದಿಷ್ಟು ಹಣ ಪಡೆದಂತೆ. ಧಾರಣೆ ಚೆನ್ನಾಗಿದ್ದರೆ ಬೆಳೆಗಾರ ಮಂಡಿಗೆ ಹೋಗುತ್ತಾನೆ, ಪಡೆದ ಹಣ ನಿಮಗೆ ಉಳಿಯುತ್ತದೆ. ಧಾರಣೆ ನೆಲಕಚ್ಚಿದ ವರ್ಷ ಮಾತ್ರ ಅವನು ನಿಮ್ಮ ಬಾಗಿಲಿಗೆ ಬರುತ್ತಾನೆ. ನಮ್ಮ ಹೂಡಿಕೆದಾರರು ಕೊಟ್ಟ ಮಾತು 22,500 ದರದಲ್ಲಿ 25 ಘಟಕ, ಒಟ್ಟು 5,62,500 ರೂಪಾಯಿಯದು. ಕೈಯಿಂದ ಹೋದದ್ದು 500 ರೂಪಾಯಿಯಾದರೂ ಹೊತ್ತ ಹೊಣೆ ಐದೂವರೆ ಲಕ್ಷ ಮೀರಿದ್ದು. ನಿಫ್ಟಿಗೆ ನಗದು ತೀರುವಳಿ ಇರುವುದರಿಂದ ಅಷ್ಟೂ ಹಣ ಎಣಿಸಬೇಕಾಗಿಲ್ಲ, ವ್ಯತ್ಯಾಸವನ್ನಷ್ಟೇ ಕಟ್ಟಬೇಕು. ಆದರೆ ಬೆಲೆ ಕುಸಿತದ ಪೆಟ್ಟು ಮಾತ್ರ ಅಷ್ಟೂ ಮೊತ್ತಕ್ಕೆ ಬೀಳುತ್ತದೆ.

ಇನ್ನೊಂದು ವಿಷಯವನ್ನೂ ಗಮನಿಸಿ. ಕೊಂಡ ಕಾಲ್ ಪೇಟೆಯಿಂದ ಕೇವಲ 236 ಪಾಯಿಂಟ್ ಮೇಲಿದೆ. ಮಾರಿದ ಪುಟ್ 764 ಪಾಯಿಂಟ್ ಕೆಳಗಿದೆ. ಅಷ್ಟು ದೂರದ ಪುಟ್‌ಗೆ 170 ರೂಪಾಯಿ ಸಿಕ್ಕರೆ, ಹೆಚ್ಚುಕಡಿಮೆ ಅಷ್ಟೇ ದೂರದ, 24,000ದ ಕಾಲ್‌ಗೆ ಸಿಕ್ಕಿದ್ದು 150. ಷೇರು ಸೂಚ್ಯಂಕಗಳಲ್ಲಿ ಹೀಗೆಯೇ ಇರುತ್ತದೆ. ಪೇಟೆ ಏರುವಾಗ ಮೆಟ್ಟಿಲೇರಿದಂತೆ ಏರಿ, ಬೀಳುವಾಗ ಒಮ್ಮೆಗೇ ಬೀಳುತ್ತದೆ. 1987ರ ಅಕ್ಟೋಬರ್ ಕುಸಿತದ ನಂತರ ಅಮೆರಿಕದ ಪೇಟೆ ಇದನ್ನು ಮರೆತಿಲ್ಲ, ನಮ್ಮದೂ ಅದೇ ದಾರಿಯಲ್ಲಿದೆ. ದೊಡ್ಡ ಫಂಡ್‌ಗಳು ತಮ್ಮ ಷೇರುಗಳಿಗೆ ರಕ್ಷಣೆಯೆಂದು ಕೆಳಗಿನ ಪುಟ್‌ಗಳನ್ನು ಹೆಚ್ಚು ಬೆಲೆ ಕೊಟ್ಟು ಕೊಳ್ಳುತ್ತವೆ. ಪೇಟೆಯವರು ಇದನ್ನು ಸ್ಕ್ಯೂ ಎನ್ನುತ್ತಾರೆ. ಸೀಗಲ್ ಅಗ್ಗವಾಗಿ ಕಾಣುವುದಕ್ಕೆ ಮುಖ್ಯ ಕಾರಣ ಈ ಸ್ಕ್ಯೂ. ಬೇರೆಯವರ ಭಯಕ್ಕೆ ಬೆಲೆ ಬಂದಿದೆ, ಆ ಭಯವನ್ನು ನೀವು ಹಣ ಪಡೆದು ನಿಮ್ಮ ಮೇಲೆ ಹಾಕಿಕೊಂಡಿದ್ದೀರಿ. ಇದರಲ್ಲಿ ತಪ್ಪೇನಿಲ್ಲ, ಆದರೆ ಇದು ಬಿಟ್ಟಿ ಹಣವಲ್ಲ.

ಮರುದಿನ ಬೆಳಿಗ್ಗೆ ಎಣಿಕೆ ಶುರುವಾಯಿತು. ಸಮೀಕ್ಷೆಗಳು ಹೇಳಿದ ಸಂಖ್ಯೆ ಬರುತ್ತಿಲ್ಲ ಎಂಬುದು ಸ್ಪಷ್ಟವಾದಂತೆ ನಿಫ್ಟಿ ಕುಸಿಯತೊಡಗಿತು. ಒಂದು ಹಂತದಲ್ಲಿ 21,281ಕ್ಕೆ ಇಳಿದು, ಕೊನೆಗೆ 21,884.50ರಲ್ಲಿ ಮುಗಿಯಿತು. ದಿನದ ಕುಸಿತ ಶೇ 5.93. ಕೊರೊನಾ ಕಾಲದ 2020ರ ಮಾರ್ಚ್ ನಂತರ ಒಂದೇ ದಿನ ಅಷ್ಟು ಬಿದ್ದಿರಲಿಲ್ಲ.

ನಮ್ಮ ಸೀಗಲ್‌ಗೆ ಏನಾಯಿತು? ಎಕ್ಸ್‌ಪೈರಿಯ ಗೆರೆಯನ್ನಷ್ಟೇ ನೋಡಿದವರ ಲೆಕ್ಕದಲ್ಲಿ 21,884ಕ್ಕೆ ನಷ್ಟ 615 ಪಾಯಿಂಟ್, ಖರ್ಚು ಸೇರಿ 635. ಆದರೆ ಎಕ್ಸ್‌ಪೈರಿಗೆ ಇನ್ನೂ 23 ದಿನ ಬಾಕಿ. ಪುಟ್‌ನೊಳಗೆ ಅಷ್ಟು ದಿನಗಳ ಬೆಲೆ ಇನ್ನೂ ಉಳಿದಿದೆ. ಅದರ ಮೇಲೆ ಭಯ ಹೆಚ್ಚಿ ಏರಿಳಿತದ ಅಂದಾಜೂ ಏರಿದೆ. ಅದೇ ಸೂತ್ರದಲ್ಲಿ, ದಿನದ ಕೊನೆಯ ಮಟ್ಟಕ್ಕೆ ಶೇ 25ರ ಏರಿಳಿತ ಹಿಡಿದರೆ, 170ಕ್ಕೆ ಮಾರಿದ ಪುಟ್‌ನ ಬೆಲೆ 880ರ ಸುತ್ತ. ಕಾಲ್ ಸ್ಪ್ರೆಡ್‌ನಲ್ಲಿ ಉಳಿದದ್ದು 30. ಅಂದರೆ ನಷ್ಟ ಸುಮಾರು 870 ಪಾಯಿಂಟ್, ಲಾಟ್‌ಗೆ 21,750 ರೂಪಾಯಿ. ಅತಿ ಕೆಳಗಿನ ಹೊತ್ತಿನಲ್ಲಿ ಶೇ 30 ಹಿಡಿದು ಲೆಕ್ಕ ಹಾಕಿದರೆ ಪುಟ್ 1,400ರ ಹತ್ತಿರ, ನಷ್ಟ 35,000ಕ್ಕೆ ಸಮೀಪ. ಗರಿಷ್ಠ ಲಾಭವೇ 12,000 ಇರುವ ಜೋಡಣೆಯಲ್ಲಿ ಒಂದು ಮಧ್ಯಾಹ್ನ ಕಂಡ ನಷ್ಟ ಅದರ ಮೂರುಪಟ್ಟಿಗೆ ಹತ್ತಿರ.

ಇಲ್ಲಿ ಕೆಲಸ ಮಾಡಿದ್ದು ಬೆಲೆಯ ಕುಸಿತ ಒಂದೇ ಅಲ್ಲ. ಹಿಂದಿನ ಸಂಜೆ ಈ ಜೋಡಣೆ ಹಗುರವಾಗಿತ್ತು. ಮೂರೂ ಆಪ್ಷನ್‌ಗಳ ಡೆಲ್ಟಾ ಕೂಡಿಸಿದರೆ 25 ಘಟಕಗಳ ಲಾಟ್, ಫ್ಯೂಚರ್ಸ್‌ನ 10 ಘಟಕ ಹಿಡಿದಷ್ಟೇ ತೂಗುತ್ತಿತ್ತು. ಕುಸಿತದ ನಂತರ ಅದು 18 ಘಟಕದಷ್ಟಾಯಿತು. ಬಿದ್ದಷ್ಟೂ ಭಾರ ಹೆಚ್ಚುತ್ತದೆ ಎಂಬುದೇ ಮಾರಿದ ಪುಟ್‌ನ ಸ್ವಭಾವ. ಏರಿಳಿತದ ವಿಷಯದಲ್ಲೂ ಹೀಗೆಯೇ. ಆರಂಭದಲ್ಲಿ ಕೊಂಡ ಕಾಲ್ ಒಂದು ಕಡೆ, ಮಾರಿದ ಎರಡು ಆಪ್ಷನ್ ಇನ್ನೊಂದು ಕಡೆ ಇದ್ದು ತಕ್ಕಮಟ್ಟಿಗೆ ಸಮತೂಕವಿತ್ತು. ಪೇಟೆ ಕೆಳಗಿಳಿದ ಮೇಲೆ ಕಾಲ್‌ಗಳು ಎರಡೂ ಸತ್ತಂತಾಗಿ, ಮಾರಿದ ಪುಟ್ ಒಂಟಿಯಾಗಿ ಉಳಿಯಿತು. ಆಗ ಬೆಲೆ ಇಳಿದರೂ ನಷ್ಟ, ಭಯ ಏರಿದರೂ ನಷ್ಟ. ಅವೆರಡೂ ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ.

ಆ ಮಂಗಳವಾರ ನಿಜವಾದ ಪರೀಕ್ಷೆ ನಡೆದದ್ದು ಮಾರ್ಜಿನ್‌ನಲ್ಲಿ. ಕೊಂಡ ಆಪ್ಷನ್‌ಗೆ ಪ್ರೀಮಿಯಂ ಕೊಟ್ಟರೆ ಮುಗಿಯಿತು. ಮಾರಿದ ಪುಟ್‌ಗೆ ವಿನಿಮಯ ಕೇಂದ್ರ ಮಾರ್ಜಿನ್ ಕೇಳುತ್ತದೆ. ನಮ್ಮ ಉದಾಹರಣೆಯಲ್ಲಿ ಲಾಟ್‌ಗೆ ಅರ್ಧ ಲಕ್ಷದ ಆಸುಪಾಸು ಎಂದುಕೊಳ್ಳಿ. 500 ರೂಪಾಯಿಯ ವಹಿವಾಟಿಗೆ ಐವತ್ತು ಸಾವಿರ ಕಟ್ಟಿಡಬೇಕು ಎಂಬುದೇ ಇದರ ನಿಜವಾದ ಗಾತ್ರ ಹೇಳುತ್ತದೆ. ಈ ಮಾರ್ಜಿನ್ ಇದ್ದಷ್ಟೇ ಇರುವುದಿಲ್ಲ. ಪುಟ್‌ನ ಬೆಲೆ 170ರಿಂದ 880ಕ್ಕೆ ಹೋದರೆ ಆ ವ್ಯತ್ಯಾಸಕ್ಕೇ 17,750 ರೂಪಾಯಿ ಹೆಚ್ಚು ಬೇಕು. ಏರಿಳಿತ ಹೆಚ್ಚಿದ್ದಕ್ಕೆ ಅದರ ಮೇಲೂ ಒಂದಿಷ್ಟು. ಖಾತೆಯಲ್ಲಿ ಅಷ್ಟಿಲ್ಲದಿದ್ದರೆ ಬ್ರೋಕರ್ ಕಾಯುವುದಿಲ್ಲ, ಮಧ್ಯಾಹ್ನವೇ ಪೊಸಿಷನ್ ಕತ್ತರಿಸಬಹುದು. ಅಂಥ ಹೊತ್ತಿನಲ್ಲಿ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ದೊಡ್ಡ ಕಂದಕವಿರುತ್ತದೆ. ಮೂರು ಆಪ್ಷನ್‌ನಿಂದ ಹೊರಬರುವವರಿಗೆ ಮೂರು ಸಲ ಆ ಕಂದಕ ದಾಟುವ ಖರ್ಚು.

ಮುಂದಿನ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಜೂನ್ 5ಕ್ಕೆ ನಿಫ್ಟಿ 22,620ಕ್ಕೆ ಮರಳಿತು. ಜೂನ್ 7ರ ಶುಕ್ರವಾರ 23,290.15, ಅಂದರೆ ಎಣಿಕೆಯ ಹಿಂದಿನ ದಿನಕ್ಕಿಂತ ತುಸು ಮೇಲೆ. ಜೂನ್ 27ರ ಎಕ್ಸ್‌ಪೈರಿಗೆ 24,044.50. ಎಕ್ಸ್‌ಪೈರಿಯ ಬಗ್ಗೆ ನಮ್ಮ ಹೂಡಿಕೆದಾರರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು: ದಿಕ್ಕು ಸರಿ, ಮಟ್ಟ ಸರಿ, ದಿನವೂ ಸರಿ. ಅಲ್ಲಿಯವರೆಗೆ ಉಳಿದವರಿಗೆ ಪೂರ್ತಿ 12,000 ರೂಪಾಯಿ. ಬರೀ ಕಾಲ್ ಕೊಂಡವರಿಗೆ 544 ಪಾಯಿಂಟ್ ಬಂದು, 340 ಖರ್ಚು ಕಳೆದು ಉಳಿದದ್ದು 204, ರೂಪಾಯಿಯಲ್ಲಿ ಐದು ಸಾವಿರದಷ್ಟು. ಸ್ಪ್ರೆಡ್‌ನವರಿಗೆ 310 ಪಾಯಿಂಟ್, 7,750 ರೂಪಾಯಿ. ಸೀಗಲ್ ಎಲ್ಲರನ್ನೂ ಗೆದ್ದಿತು. ಅದೇ ಸೀಗಲ್ ಹಿಡಿದು ಜೂನ್ 4ರ ಮಧ್ಯಾಹ್ನ ಮಾರ್ಜಿನ್ ಸಾಲದೆ ಹೊರದಬ್ಬಿಸಿಕೊಂಡವರು ಇಪ್ಪತ್ತರಿಂದ ಮೂವತ್ತೈದು ಸಾವಿರ ಕಳೆದುಕೊಂಡು ಮನೆಗೆ ಹೋಗುತ್ತಿದ್ದರು. ಇಬ್ಬರ ಅಂದಾಜಿನಲ್ಲೂ ವ್ಯತ್ಯಾಸವಿಲ್ಲ. ವ್ಯತ್ಯಾಸ ಇದ್ದದ್ದು ಖಾತೆಯಲ್ಲಿ ಖಾಲಿ ಬಿಟ್ಟ ಹಣದಲ್ಲಿ.

ಹಾಗಾಗಿ ಸೀಗಲ್‌ನಲ್ಲಿ ಅತಿ ಸಾಮಾನ್ಯವಾದ ತಪ್ಪು ಸ್ಟ್ರೈಕ್ ಆಯ್ಕೆಯಲ್ಲಿ ಆಗುವುದಿಲ್ಲ, ಲಾಟ್‌ಗಳ ಸಂಖ್ಯೆಯಲ್ಲಿ ಆಗುತ್ತದೆ. ಐನೂರು ರೂಪಾಯಿ ತಾನೇ ಎಂದು ಹತ್ತು ಲಾಟ್ ಹಿಡಿಯುತ್ತಾರೆ. ಆಗ ಹೊಣೆ 56 ಲಕ್ಷ. ಕಾಲ್ ಕೊಳ್ಳುವವರು ಕೊಟ್ಟ ಪ್ರೀಮಿಯಂ ನೋಡಿ ಗಾತ್ರ ನಿರ್ಧರಿಸುವುದು ಸರಿ, ಏಕೆಂದರೆ ಅವರ ಗರಿಷ್ಠ ನಷ್ಟವೇ ಅದು. ಸೀಗಲ್‌ನಲ್ಲಿ ನಿವ್ವಳ ಪ್ರೀಮಿಯಂ ಏನನ್ನೂ ಹೇಳುವುದಿಲ್ಲ. ಮೊಬೈಲ್ ಆ್ಯಪ್‌ಗಳು ತೋರಿಸುವ ಲಾಭನಷ್ಟದ ಚಿತ್ರವೂ ಎಕ್ಸ್‌ಪೈರಿಯ ಗೆರೆಯನ್ನೇ ಎದ್ದು ಕಾಣುವಂತೆ ಬರೆಯುತ್ತದೆ. ಇವತ್ತಿನ ಗೆರೆ ಎಂಬುದೊಂದು ಅದರೊಳಗೇ ಸಾಮಾನ್ಯವಾಗಿ ಇರುತ್ತದೆ. ಅದನ್ನು ಶೇ 6ರ ಕುಸಿತಕ್ಕೆ ಎಳೆದು, ಏರಿಳಿತವನ್ನೂ ಏರಿಸಿ ನೋಡಿದರೆ ಮಾತ್ರ ಜೂನ್ 4 ಕಾಣಿಸುತ್ತದೆ.

ಇದರ ತವರಾದ ವಿದೇಶಿ ವಿನಿಮಯದ ಕಡೆಗೂ ಒಮ್ಮೆ ನೋಡಬೇಕು, ಏಕೆಂದರೆ ಅಲ್ಲಿ ಅಪಾಯ ಇನ್ನೊಂದು ರೆಕ್ಕೆಯಲ್ಲಿದೆ. ಹೊರದೇಶದಿಂದ ಯಂತ್ರ ತರಿಸಿ ಮೂರು ತಿಂಗಳ ನಂತರ ಡಾಲರ್‌ನಲ್ಲಿ ಹಣ ಕಟ್ಟಬೇಕಾದ ಕಾರ್ಖಾನೆಯೊಂದಿದೆ ಎನ್ನಿ. ಡಾಲರ್ ಏರಬಹುದೆಂಬ ಭಯಕ್ಕೆ ಅದು ಡಾಲರ್ ಕಾಲ್ ಕೊಳ್ಳುತ್ತದೆ. ಖರ್ಚು ತಗ್ಗಿಸಲು ಮೇಲಿನ ಕಾಲ್ ಮತ್ತು ಕೆಳಗಿನ ಪುಟ್ ಮಾರುತ್ತದೆ. ಡಾಲರ್ ಕುಸಿದರೆ ಪುಟ್‌ನ ಪ್ರಕಾರ ಪೇಟೆಗಿಂತ ಹೆಚ್ಚಿನ ದರದಲ್ಲಿ ಡಾಲರ್ ಕೊಳ್ಳಬೇಕು. ಆದರೆ ಅದಕ್ಕೆ ಹೇಗೂ ಡಾಲರ್ ಬೇಕೇ ಬೇಕು. ಅಗ್ಗವಾಗಿ ಸಿಗಬಹುದಾಗಿದ್ದುದು ತಪ್ಪಿತು ಎಂಬ ಬೇಸರವಷ್ಟೇ, ದಿವಾಳಿಯ ಮಾತಿಲ್ಲ. ಕಾರ್ಖಾನೆಗೆ ನಿಜವಾದ ಪೆಟ್ಟು ಬೀಳುವುದು ಮೇಲೆ. ಮಾರಿದ ಕಾಲ್‌ನ ಆಚೆ ಡಾಲರ್ ಹೋದರೆ ರಕ್ಷಣೆ ಅಲ್ಲಿಗೇ ನಿಲ್ಲುತ್ತದೆ, ಮುಂದಿನ ಪ್ರತಿ ಪೈಸೆಯ ಏರಿಕೆಯೂ ಅದರ ತಲೆಗೇ. 2013ರ ಮೇ ತಿಂಗಳ ಆರಂಭದಲ್ಲಿ 54 ರೂಪಾಯಿಯ ಸುತ್ತ ಇದ್ದ ಡಾಲರ್ ಆಗಸ್ಟ್ 28ರಂದು 68 ದಾಟಿತು. ಅಂಥ ಬೇಸಿಗೆಯಲ್ಲಿ 60ಕ್ಕೋ 62ಕ್ಕೋ ಮೇಲ್ಮಿತಿ ಹಾಕಿಕೊಂಡವರಿಗೆ ಸೀಗಲ್ ಅರ್ಧ ದಾರಿಯವರೆಗೆ ಹಿಡಿದ ಕೊಡೆಯಷ್ಟೇ ಆಗುತ್ತಿತ್ತು. ಅಲ್ಲಿ ಸ್ಕ್ಯೂ ಕೂಡ ತಿರುಗುಮುರುಗು. ರೂಪಾಯಿ ಕುಸಿಯುವ ಭಯವೇ ದೊಡ್ಡದಾದ್ದರಿಂದ ಡಾಲರ್ ಕಾಲ್ ದುಬಾರಿ, ಡಾಲರ್ ಪುಟ್ ಅಗ್ಗ. ಆದ್ದರಿಂದ ಪುಟ್ ಮಾರಿದರೆ ಸಿಗುವುದು ಕಡಿಮೆ. ಪೂರ್ತಿ ಖರ್ಚು ಸರಿದೂಗಿಸಬೇಕೆಂದರೆ ಪುಟ್‌ನ ಸ್ಟ್ರೈಕ್ ಅನ್ನು ಪೇಟೆಯ ಹತ್ತಿರಕ್ಕೆ ಎಳೆದುಕೊಳ್ಳಬೇಕಾಗುತ್ತದೆ.

ಷೇರುಪೇಟೆಗೆ ಮರಳಿದರೆ, ಒಂಟಿ ಷೇರಿನ ಮೇಲೆ ಸೀಗಲ್ ಕಟ್ಟುವವರಿಗೆ ಬೇರೊಂದು ನಿಯಮವಿದೆ. ನಮ್ಮಲ್ಲಿ ಷೇರು ಆಪ್ಷನ್‌ಗಳಿಗೆ ಈಗ ನಗದು ತೀರುವಳಿ ಇಲ್ಲ. ಪುಟ್ ಹಣದೊಳಗೆ ಮುಗಿದರೆ ಷೇರುಗಳೇ ಡಿಮ್ಯಾಟ್ ಖಾತೆಗೆ ಬರುತ್ತವೆ, ಪೂರ್ತಿ ಹಣ ಕಟ್ಟಬೇಕು. ನನ್ನ ದೃಷ್ಟಿಯಲ್ಲಿ ಸೀಗಲ್ ಅತ್ಯಂತ ಪ್ರಾಮಾಣಿಕವಾಗಿ ಒಪ್ಪುವುದು ಇಂಥ ಕಡೆ. ಆ ಕಂಪನಿಯ ಷೇರನ್ನು ಆ ಬೆಲೆಗೆ ಕೊಳ್ಳಲು ಮೊದಲೇ ಮನಸ್ಸಿದ್ದು, ಹಣವೂ ಇದ್ದವರಿಗೆ ಮಾರಿದ ಪುಟ್ ಹೊರೆಯಲ್ಲ. ಅವರು ಹೇಗೂ ಹಾಕಬೇಕೆಂದಿದ್ದ ಖರೀದಿ ಆರ್ಡರ್‌ಗೆ ಒಂದಿಷ್ಟು ಹಣ ಸಿಕ್ಕಿತು, ಆ ಹಣದಲ್ಲಿ ಮೇಲಿನ ಸ್ಪ್ರೆಡ್ ಬಂತು.

ಹಣ ಅಷ್ಟಿಲ್ಲದೆಯೂ ಇದೇ ನೋಟಕ್ಕೆ ಪಣ ಕಟ್ಟಬೇಕೆನ್ನುವವರು ಇನ್ನೂ ಕೆಳಗಿನ ಒಂದು ಪುಟ್ ಕೊಳ್ಳಬಹುದು. ನಮ್ಮ ಉದಾಹರಣೆಯಲ್ಲಿ 21,500ರ ಪುಟ್‌ಗೆ 60 ರೂಪಾಯಿ ಎಂದಿಟ್ಟುಕೊಳ್ಳಿ. ಖರ್ಚು 20ರಿಂದ 80ಕ್ಕೆ ಏರುತ್ತದೆ, ಗರಿಷ್ಠ ಲಾಭ 480ರಿಂದ 420ಕ್ಕೆ ಇಳಿಯುತ್ತದೆ. ಆದರೆ ನಷ್ಟ ಏನೇ ಆದರೂ 1,080 ಪಾಯಿಂಟ್ ದಾಟದು, ಲಾಟ್‌ಗೆ 27,000 ರೂಪಾಯಿಗೆ ಬೇಲಿ ಬಿತ್ತು. ಮಾರ್ಜಿನ್ ಕೂಡ ಗಣನೀಯವಾಗಿ ತಗ್ಗುತ್ತದೆ. ಕಟ್ಟುನಿಟ್ಟಿನ ಲೆಕ್ಕದಲ್ಲಿ ಇದು ಸೀಗಲ್ ಅಲ್ಲ, ನಾಲ್ಕು ಕಾಲಿನ ಬೇರೆ ಪ್ರಾಣಿ. ಪರವಾಗಿಲ್ಲ. ಕಟ್ಟುವಾಗ ಕೊಳ್ಳುವ ಆಪ್ಷನ್‌ಗಳನ್ನು ಮೊದಲು ಕೊಂಡು ನಂತರ ಮಾರಿ. ಬಿಡಿಸುವಾಗ ಮಾರಿದ್ದನ್ನು ಮೊದಲು ಮರಳಿ ಕೊಳ್ಳಿ. ಕೊಂಡ ಕಾಲ್ ಅನ್ನು ಮೊದಲು ಮಾರಿಬಿಟ್ಟರೆ ಮೇಲಿನ ಮಾರಿದ ಕಾಲ್ ಬೆತ್ತಲಾಗಿ ಉಳಿದು ಮಾರ್ಜಿನ್ ಥಟ್ಟನೆ ಏರುತ್ತದೆ.

ಇಷ್ಟು ಎಚ್ಚರಿಕೆ ಏಕೆಂದರೆ, 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್‌ನಲ್ಲಿ ವಹಿವಾಟು ಮಾಡಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು ಎಂದು ಸೆಬಿಯ ಅಧ್ಯಯನ ಹೇಳಿದೆ. ಆ ಬಳಿಕ, 2024ರ ನವೆಂಬರ್‌ನಲ್ಲಿ, ಸೂಚ್ಯಂಕದ ಒಪ್ಪಂದಗಳ ಗಾತ್ರವನ್ನು ಕನಿಷ್ಠ 15 ಲಕ್ಷಕ್ಕೆ ಏರಿಸಲಾಯಿತು, ನಿಫ್ಟಿಯ ಲಾಟ್ 25ರಿಂದ 75ಕ್ಕೆ ಹೋಯಿತು. 75ರ ಲಾಟ್‌ನಲ್ಲಿ ಅದೇ ಜೂನ್ 4ರ ಕೊನೆಯ ಹೊತ್ತಿನ ನಷ್ಟ 65,250 ರೂಪಾಯಿ ಆಗುತ್ತದೆ.

ಸೀಗಲ್ ಕಟ್ಟುವ ಮುನ್ನ ನಿವ್ವಳ ಪ್ರೀಮಿಯಂ ನೋಡಬೇಡಿ. ಮಾರುವ ಪುಟ್‌ನ ಸ್ಟ್ರೈಕ್ ಅನ್ನು ಇಂದಿನ ಲಾಟ್ ಗಾತ್ರದಿಂದ ಗುಣಿಸಿ. ಅಷ್ಟು ಮೊತ್ತದ ಷೇರು ಅಥವಾ ಇಂಡೆಕ್ಸ್ ಫಂಡ್ ಕೊಳ್ಳುವ ಶಕ್ತಿಯೂ ಇಚ್ಛೆಯೂ ನಿಮಗೆ ಇಲ್ಲವೆಂದಾದರೆ, ಕಾಲ್ ಸ್ಪ್ರೆಡ್ ಅಷ್ಟೇ ಕೊಂಡು ಸುಮ್ಮನಿರಿ.